ಮುಖ್ಯ ಅತಿಥಿ ಪರಿಚಯಕ್ಕೆ ಒಂದೇ ನಿಮಿಷ ಸಾಕು: ಏನು ಹೇಳಬೇಕು, ಏನು ಬಿಡಬೇಕು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಯಾವ ಸಮಾರಂಭಕ್ಕೆ ಹೋದರೂ ಒಂದು ಘಟ್ಟ ಬಂದೇ ಬರುತ್ತೆ. ಪ್ರಾರ್ಥನೆ ಆಯ್ತು, ನಾಡಗೀತೆ ಆಯ್ತು, ಸ್ವಾಗತ ಆಯ್ತು, ದೀಪ ಹಚ್ಚಿದ್ದೂ ಆಯ್ತು. ನಿರೂಪಕರು ‘ಈಗ ನಮ್ಮ ಮುಖ್ಯ ಅತಿಥಿಗಳ ಕಿರು ಪರಿಚಯ’ ಅಂತಾರೆ. ಪರಿಚಯ ಮಾಡೋರು ಜೇಬಿನಿಂದ ಎರಡು ಹಾಳೆ ತೆಗೀತಾರೆ. ಅತಿಥಿ ಹುಟ್ಟಿದ ಊರು, ತಂದೆ ತಾಯಿ ಹೆಸರು, ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಡಿಗ್ರಿ, ಸೇರಿದ ಕೆಲಸ, ಬಡ್ತಿ, ವರ್ಗಾವಣೆ, ಒಂದಾದ ಮೇಲೊಂದು ಪ್ರಶಸ್ತಿ. ಕಿರು ಪರಿಚಯ ಮುಗಿಯೋ ಹೊತ್ತಿಗೆ ಹಿಂದಿನ ಸಾಲಿನ ಕುರ್ಚಿ ಅರ್ಧ ಖಾಲಿ.

ನಾಡಗೀತೆಗೇ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿ 2 ನಿಮಿಷ 30 ಸೆಕೆಂಡು ಅಂತ ಸಮಯ ನಿಗದಿ ಮಾಡಿತು. ಅತಿಥಿ ಪರಿಚಯಕ್ಕೆ ಅಂಥ ಆದೇಶ ಯಾವುದೂ ಇಲ್ಲ. ಹಾಗಾಗಿ ಎಂಟು ನಿಮಿಷ ಹೋದರೂ ಕೇಳೋರಿಲ್ಲ.

ಇದರಿಂದ ಯಾರಿಗೆ ನಷ್ಟ? ಅತಿಥಿಗೆ ಮುಜುಗರ ಆಗುತ್ತೆ, ಅದು ಬೇರೆ. ನಿಜವಾದ ನಷ್ಟ ಕೇಳೋಕೆ ಬಂದವರಿಗೆ. ಅಂಗಡಿ ಬಾಗಿಲು ಎಳೆದು ಒಂದು ಗಂಟೆ ಬಿಡುವು ಮಾಡಿಕೊಂಡು ಬಂದಿರೋ ವರ್ತಕರು, ಕೊನೇ ಬಸ್ಸು ಹಿಡಿಯಬೇಕಾದ ಹಳ್ಳಿ ಹೆಣ್ಮಕ್ಕಳು, ಕತ್ತಲಾಗೋ ಮುಂಚೆ ಮನೆ ಸೇರಬೇಕಾದ ಕಾಡಂಚಿನ ಜನ, ಇವರಿಗೆಲ್ಲ ಸಮಯ ಲೆಕ್ಕದ್ದು. ಪರಿಚಯ ನುಂಗಿದ ಏಳು ನಿಮಿಷ ಕೊನೆಗೆ ಅತಿಥಿಯ ಭಾಷಣದಿಂದ ಹೋಗುತ್ತೆ, ಇಲ್ಲವೇ ಸಭಿಕರ ಪ್ರಶ್ನೆಗಳಿಂದ ಹೋಗುತ್ತೆ. ಅಧ್ಯಕ್ಷೀಯ ನುಡಿಯನ್ನಂತೂ ಯಾರೂ ಕಡಿಮೆ ಮಾಡಲ್ಲ.

ಪರಿಚಯದ ಕೆಲಸ ಏನು?

ಕೆಳಗೆ ಕೂತವರ ತಲೆಯಲ್ಲಿ ಆ ಕ್ಷಣಕ್ಕೆ ಇರೋದು ಸಣ್ಣ ಪ್ರಶ್ನೆ. ಈ ವಿಷಯದ ಬಗ್ಗೆ ಮಾತಾಡೋಕೆ ಇವರನ್ನೇ ಯಾಕೆ ಕರೆದಿದ್ದಾರೆ? ಪರಿಚಯ ಅಂದರೆ ಇದಕ್ಕೆ ಉತ್ತರ. ಅಷ್ಟು ಹೇಳಿದರೆ ಜನ ಬೆನ್ನು ನೆಟ್ಟಗೆ ಮಾಡಿ ಕೇಳೋಕೆ ತಯಾರಾಗ್ತಾರೆ.

ಅತಿಥಿಯ ಇಡೀ ಬದುಕು ಹೇಳೋದಕ್ಕೆ ಬೇರೆ ಜಾಗ ಇದೆ. ಸನ್ಮಾನ ಪತ್ರ ಅಂತ ಚೌಕಟ್ಟು ಹಾಕಿಸಿ ಕೊಡ್ತೀವಲ್ಲ, ಅದರಲ್ಲಿ ಎಲ್ಲ ಪ್ರಶಸ್ತಿಯೂ ಬರಲಿ. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಹಾಕಿ. ನಮ್ಮಂಥ ವರದಿಗಾರರಿಗೆ ಕೊಡೋ ಪ್ರಕಟಣೆಯಲ್ಲಿ ಹಾಕಿ, ಬೇಕಾದಷ್ಟು ಬರೆಯಿರಿ, ನಮಗೂ ಅನುಕೂಲ. ಅಭಿನಂದನಾ ಸಮಾರಂಭ ಆದರೆ ಅತಿಥಿಯ ಜೀವನವೇ ಅವತ್ತಿನ ವಿಷಯ, ಅಲ್ಲಿ ಹತ್ತು ನಿಮಿಷ ಮಾತಾಡಿದರೂ ತಪ್ಪಿಲ್ಲ. ಆದರೆ ಉಳಿದ ಕಾರ್ಯಕ್ರಮಗಳಲ್ಲಿ ಪರಿಚಯ ಅನ್ನೋದು ಬಾಗಿಲು ತೆಗೆಯೋ ಕೆಲಸ. ಬಾಗಿಲಲ್ಲೇ ನಿಂತು ಮನೆಯ ಕಥೆ ಪೂರ್ತಿ ಹೇಳೋಕಾಗಲ್ಲ.

ಒಂದು ನಿಮಿಷಕ್ಕೆ ಎಷ್ಟು ಪದ?

ಮೈಕ್ ಮುಂದೆ ಎಲ್ಲರಿಗೂ ಕೇಳೋ ಹಾಗೆ ಬಿಡಿಸಿ ಓದಿದರೆ, ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 90 ಪದ ಹಿಡಿಯುತ್ತೆ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ನೀವೂ ನೋಡಬಹುದು. ನಮ್ಮ ಪದಗಳು ಉದ್ದ. ‘ಕಾರ್ಯನಿರ್ವಹಿಸುತ್ತಿದ್ದಾರೆ’ ಅನ್ನೋದೇ ಒಂದು ಪದ. ಮಧ್ಯೆ ಚಪ್ಪಾಳೆ ಬೀಳುತ್ತೆ, ಮೈಕ್ ಒಮ್ಮೆ ಕೀರಲು ಕೂಗುತ್ತೆ. ಆದ್ದರಿಂದ ಹಾಳೆಯಲ್ಲಿ 70 ಪದ ಬರೆದುಕೊಂಡರೆ ನಿಮಿಷದೊಳಗೆ ಆರಾಮಾಗಿ ಮುಗಿಯುತ್ತೆ. ಅತಿಥಿಗಳು ಕಳಿಸೋ ಬಯೋಡೇಟಾ ಒಂದು ಪುಟ ತುಂಬ ಇದ್ದರೆ ಮುನ್ನೂರು ಪದ ದಾಟಿರುತ್ತೆ. ಅಂದರೆ ನಾಲ್ಕು ಭಾಗದಲ್ಲಿ ಮೂರು ಭಾಗ ಬಿಡಲೇಬೇಕು.

ಸೆಕೆಂಡು ತಿನ್ನೋ ದೊಡ್ಡ ಕಳ್ಳ ಅಂದರೆ ಇಸವಿ. ಹಾಳೆ ಮೇಲೆ 1998 ಅಂತ ನಾಲ್ಕು ಅಂಕಿ ಪುಟ್ಟದಾಗಿ ಕಾಣುತ್ತೆ. ಬಾಯಲ್ಲಿ ಅದು ‘ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿಯಲ್ಲಿ’ ಆಗುತ್ತೆ. ಇಂಥ ಐದು ಇಸವಿ ಹೇಳಿದರೆ ಹತ್ತು ಹದಿನೈದು ಸೆಕೆಂಡು ಹೋಯ್ತು, ಕೇಳಿದವರಿಗೆ ಒಂದೂ ನೆನಪಿರಲ್ಲ. ‘ಇಪ್ಪತ್ತೈದು ವರ್ಷದಿಂದ’ ಅಂದರೆ ಸಾಕು, ಅದು ತಲೆಗೆ ಹೋಗುತ್ತೆ.

ಎರಡನೇ ಕಳ್ಳ, ವೇದಿಕೆಯ ಗಣ್ಯರ ಹೆಸರು. ಸ್ವಾಗತ ಮಾಡಿದವರು ಎಲ್ಲರ ಹೆಸರೂ ಹೇಳಿಯಾಗಿರುತ್ತೆ. ಪರಿಚಯ ಮಾಡೋರು ಮತ್ತೆ ಶಾಸಕರಿಂದ ಶುರು ಮಾಡಿ ಗ್ರಾಮ ಪಂಚಾಯಿತಿ ಸದಸ್ಯರವರೆಗೆ ಬಂದರೆ ಅಲ್ಲೇ ಒಂದೂವರೆ ನಿಮಿಷ. ಒಂದು ಹೆಸರು ಬಿಟ್ಟುಹೋದರೆ ಮಾರನೇ ದಿನದ ಜಗಳವೂ ನಿಮ್ಮ ತಲೆಗೇ. ಹೆಸರಿನ ಪಟ್ಟಿ ಸ್ವಾಗತದವರ ಕೈಯಲ್ಲಿರಲಿ. ನೀವು ‘ವೇದಿಕೆಯಲ್ಲಿರುವ ಎಲ್ಲರಿಗೂ, ಸಭೆಗೂ ನಮಸ್ಕಾರ’ ಅಂತ ಹೇಳಿ ಮುಂದೆ ಹೋಗಿ. ಬೇಜಾರಾದರೆ ಎಲ್ಲರಿಗೂ ಒಂದೇ ಸಮ ಆಗುತ್ತೆ, ಅದು ದೊಡ್ಡ ವಿಷಯ ಆಗಲ್ಲ.

ಒಬ್ಬರೇ ಅತಿಥಿ, ಬೇರೆ ಬೇರೆ ಪರಿಚಯ

ಸಾಧನೆ ಆರಿಸೋದು ಹೇಗೆ ಅಂತ ನಿಜವಾದ ಒಬ್ಬರ ಮೇಲೆ ಮಾಡಿ ನೋಡೋಣ. ನಮ್ಮ ಪಕ್ಕದ ಜಿಲ್ಲೆ ಹಾಸನದ ಬಾನು ಮುಷ್ತಾಕ್ ಅವರನ್ನ ತಗೊಳ್ಳಿ. 2025ರ ಮೈಸೂರು ದಸರಾ ಉದ್ಘಾಟಿಸಿದವರು, ನಮ್ಮಲ್ಲಿ ಬಹಳ ಜನಕ್ಕೆ ಹೆಸರು ಗೊತ್ತು.

ಅವರ ಬಗ್ಗೆ ಹೇಳೋಕೆ ಇರೋದು ಬಹಳ. ಆರು ಕಥಾ ಸಂಕಲನ, ಒಂದು ಕಾದಂಬರಿ, ಒಂದು ಪ್ರಬಂಧ ಸಂಕಲನ, ಒಂದು ಕವನ ಸಂಕಲನ. ಬಂಡಾಯ ಸಾಹಿತ್ಯ ಚಳವಳಿಯ ನಂಟು. ‘ಲಂಕೇಶ್ ಪತ್ರಿಕೆ’ಯಲ್ಲಿ ವರದಿಗಾರಿಕೆ. ಹಾಸನದಲ್ಲಿ ವಕೀಲಿ ವೃತ್ತಿ. ಅಲ್ಲಿನ ನಗರಸಭೆ ಸದಸ್ಯತ್ವ. ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ದಾನ ಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ. ಅವರ ‘ಕರಿ ನಾಗರಗಳು’ ಕಥೆಯಿಂದ ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದರು, ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅವರ ಹನ್ನೆರಡು ಕಥೆಗಳನ್ನ ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ 2025ರ ಮೇ 20ರಂದು ಲಂಡನ್‌ನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಘೋಷಣೆ ಆಯ್ತು. ಕೊನೆಗೆ ದಸರಾ ಉದ್ಘಾಟನೆ.

ಎಲ್ಲವೂ ದೊಡ್ಡದೇ. ಯಾವುದನ್ನ ಬಿಡೋದು? ಅತಿಥಿಯ ಕಡೆಯಿಂದ ನೋಡಿದರೆ ಯಾವುದನ್ನೂ ಬಿಡೋಕೆ ಮನಸ್ಸು ಬರಲ್ಲ. ಅವತ್ತಿನ ಸಭೆಯ ಕಡೆಯಿಂದ ನೋಡಿದರೆ ಸುಲಭ.

ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಸಣ್ಣಕಥೆ ಬರೆಯೋದು ಕಲಿಸೋ ಶಿಬಿರ ಇದೆ, ಅದಕ್ಕೆ ಅವರೇ ಮುಖ್ಯ ಅತಿಥಿ ಅಂತ ಇಟ್ಟುಕೊಳ್ಳಿ. ಕೂತಿರೋರು ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು. ಅವರಿಗೆ ನಗರಸಭೆ ವಿಷಯ ಬೇಡ, ಪುಸ್ತಕಗಳ ಲೆಕ್ಕವೂ ಬೇಡ. ಬೇಕಾಗಿರೋದು ಎರಡು ವಿಷಯ. ಇವರೂ ನಮ್ಮ ಹಾಗೆ ಸಣ್ಣ ಊರಲ್ಲಿ ಕೂತೇ ಬರೆದವರು, ಆ ಬರಹ ಎಲ್ಲಿವರೆಗೆ ಹೋಯ್ತು. ಆಗ ಹೀಗೆ ಹೇಳಬಹುದು:

“ಎಲ್ಲರಿಗೂ ನಮಸ್ಕಾರ. ಇವತ್ತು ನೀವೆಲ್ಲ ಕಥೆ ಬರೆಯೋದು ಕಲಿಯೋಕೆ ಬಂದಿದ್ದೀರಿ. ನಮ್ಮ ಅತಿಥಿ ಪಕ್ಕದ ಹಾಸನದಲ್ಲೇ ಇದ್ದುಕೊಂಡು, ವಕೀಲಿ ಮಾಡುತ್ತಲೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡದಲ್ಲಿ ಕಥೆ ಬರೆದವರು. ಅವುಗಳಲ್ಲಿ ಹನ್ನೆರಡು ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಪುಸ್ತಕ ‘ಹಾರ್ಟ್ ಲ್ಯಾಂಪ್’ಗೆ 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಸುತ್ತಮುತ್ತ ಕಂಡ ಬದುಕನ್ನು ಕಥೆ ಮಾಡೋದು ಹೇಗೆ ಅಂತ ಈಗ ಅವರೇ ಹೇಳ್ತಾರೆ. ಶ್ರೀಮತಿ ಬಾನು ಮುಷ್ತಾಕ್ ಅವರು.”

ಎಪ್ಪತ್ತು ಪದದ ಆಸುಪಾಸು. ನಿಧಾನವಾಗಿ ಓದಿದರೂ ಐವತ್ತು ಸೆಕೆಂಡಿನೊಳಗೆ ಮುಗಿಯುತ್ತೆ. ಇಸವಿ ಒಂದೇ ಇದೆ. ಅಕಾಡೆಮಿ ಪ್ರಶಸ್ತಿ ಇಲ್ಲ, ಸಿನಿಮಾ ಇಲ್ಲ, ದಸರಾನೂ ಇಲ್ಲ. ದಸರಾ ಬಿಟ್ಟಿದ್ದು ಯಾಕೆ ಅಂತ ಯಾರಾದರೂ ಕೇಳಬಹುದು. ಕಥೆ ಬರೆಯೋದಕ್ಕೂ ಅದಕ್ಕೂ ಸಂಬಂಧ ಇಲ್ಲ, ಅಷ್ಟೇ. ಅದು ಎಲ್ಲರಿಗೂ ಗೊತ್ತಿರೋ ಸುದ್ದಿ ಕೂಡ. ಗೊತ್ತಿರೋದನ್ನ ಮತ್ತೆ ಹೇಳೋಕೆ ಇರೋ ಒಂದು ನಿಮಿಷ ಖರ್ಚು ಮಾಡಬಾರದು.

ಅದೇ ಬಾನು ಮುಷ್ತಾಕ್ ಅವರು ಹುಣಸೂರಲ್ಲಿ ಸ್ತ್ರೀಶಕ್ತಿ ಸಂಘದವರಿಗೆ ಇಟ್ಟ ಕಾನೂನು ಅರಿವು ಕಾರ್ಯಕ್ರಮಕ್ಕೆ ಬಂದರೆ? ಅಲ್ಲಿ ಕೂತಿರೋ ಹೆಣ್ಮಕ್ಕಳ ತಲೆಯಲ್ಲಿ ಜೀವನಾಂಶ, ಆಸ್ತಿ ಪಾಲು, ಗಂಡನ ಹೊಡೆತ ಇರುತ್ತೆ. ಈ ಸಲ ವಕೀಲಿ ವೃತ್ತಿ ಮುಂದಕ್ಕೆ ಬರಬೇಕು, ಬುಕರ್ ಹಿಂದಕ್ಕೆ ಹೋಗಬೇಕು.

“ಅಕ್ಕಂದಿರೆ, ತಂಗಿಯರೆ, ನಮಸ್ಕಾರ. ಇವತ್ತಿನ ಮಾತು ಮನೆಯೊಳಗಿನ ಹೆಣ್ಣಿನ ಹಕ್ಕಿನ ಬಗ್ಗೆ. ನಮ್ಮ ಅತಿಥಿ ಹಾಸನದ ವಕೀಲರು. ಅದಕ್ಕೂ ಮೊದಲು ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿದವರು, ಹಾಸನ ನಗರಸಭೆಯಲ್ಲಿ ಸದಸ್ಯರಾಗಿ ಕೂತವರು. ಕೋರ್ಟು, ಪತ್ರಿಕೆ, ನಗರಸಭೆ ಮೂರನ್ನೂ ಒಳಗಿನಿಂದ ಕಂಡಿದ್ದಾರೆ. ಮನೆಯೊಳಗೆ ಹೆಣ್ಣು ಪಡೋ ಕಷ್ಟವನ್ನೇ ಕಥೆಗಳಲ್ಲಿ ಬರೆದಿದ್ದಾರೆ. ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದಿದೆ. ನಿಮ್ಮ ಪ್ರಶ್ನೆ ಇದ್ದರೆ ಕೊನೆಯಲ್ಲಿ ಸಂಕೋಚ ಇಲ್ಲದೆ ಕೇಳಿ. ಶ್ರೀಮತಿ ಬಾನು ಮುಷ್ತಾಕ್ ಅವರು.”

ಎರಡೂ ಪರಿಚಯ ಸತ್ಯವೇ, ಎರಡರಲ್ಲೂ ಇರೋದು ಅದೇ ವ್ಯಕ್ತಿ. ಮೊದಲನೆಯದನ್ನ ಎರಡನೇ ಸಭೆಯಲ್ಲಿ ಓದಿದ್ದರೆ ಏನಾಗ್ತಿತ್ತು? ‘ಇವರು ದೊಡ್ಡ ಸಾಹಿತಿ, ನಮ್ಮ ಕಷ್ಟ ಇವರ ಹತ್ರ ಯಾಕೆ ಹೇಳೋದು’ ಅಂದುಕೊಂಡು ಹೆಣ್ಮಕ್ಕಳು ಬಾಯಿ ಬಿಡ್ತಿರಲಿಲ್ಲ. ತಪ್ಪು ಸಾಧನೆ ಆರಿಸಿದರೆ ಅತಿಥಿ ದೂರ ಆಗಿಬಿಡ್ತಾರೆ. ಸಿನಿಮಾ ಪ್ರದರ್ಶನ ಇಟ್ಟುಕೊಂಡು ಅವರನ್ನ ಕರೆದರೆ ಮಾತ್ರ ‘ಹಸೀನಾ’, ಕಾಸರವಳ್ಳಿ, ತಾರಾ ಎಲ್ಲ ಮುಂದೆ ಬರ್ತಾರೆ, ಆಗ ವಕೀಲಿ ವಿಷಯ ಬಿಟ್ಟರೂ ನಡೆಯುತ್ತೆ.

ಇನ್ನೊಂದು ಗಮನಿಸಿ. ಎರಡರಲ್ಲೂ ಯಾವ ಕಥೆಯ ಸಾರಾಂಶವನ್ನೂ ಹೇಳಿಲ್ಲ. ಅತಿಥಿ ಏನು ಮಾತಾಡಬೇಕು ಅಂತ ತಯಾರಾಗಿ ಬಂದಿರ್ತಾರೋ ಅದನ್ನೇ ಪರಿಚಯದಲ್ಲಿ ಹೇಳಿಬಿಟ್ಟರೆ ಅವರು ಎದ್ದು ನಿಂತು ಏನು ಹೇಳಬೇಕು? ‘ಪರಿಚಯ ಮಾಡಿದವರೇ ಎಲ್ಲ ಹೇಳಿಬಿಟ್ಟರು’ ಅಂತ ಅತಿಥಿ ನಗ್ತಾ ಮಾತು ಶುರು ಮಾಡೋದನ್ನ ಎಷ್ಟೋ ಸಲ ಕೇಳಿರ್ತೀರಿ. ಅದು ತಮಾಷೆ ಅಲ್ಲ, ದೂರು.

ಹೆಸರು, ಪ್ರಶಸ್ತಿ ತಪ್ಪಾಗೋದು ಎಲ್ಲಿ

ಹೇಳೋದೇ ಎರಡು ಮೂರು ವಿಷಯ ಆದಾಗ ಅವು ಸರಿಯಾಗಿರಲೇಬೇಕು. ಹತ್ತರಲ್ಲಿ ಒಂದು ತಪ್ಪಾದರೆ ಯಾರಿಗೂ ಗೊತ್ತಾಗಲ್ಲ, ಎರಡರಲ್ಲಿ ಒಂದು ತಪ್ಪಾದರೆ ಎದ್ದು ಕಾಣುತ್ತೆ.

ಮೇಲಿನ ಉದಾಹರಣೆಯಲ್ಲೇ ಜಾರೋ ಜಾಗ ಇದೆ. ‘ಬುಕರ್ ಪ್ರಶಸ್ತಿ’ ಮತ್ತು ‘ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ’ ಬೇರೆ ಬೇರೆ. ಮೊದಲನೆಯದು ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ. ಎರಡನೆಯದು ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ಪುಸ್ತಕಕ್ಕೆ, ಅದರ ಹಣವನ್ನ ಲೇಖಕರಿಗೂ ಅನುವಾದಕರಿಗೂ ಸಮ ಪಾಲು ಮಾಡಿ ಕೊಡ್ತಾರೆ. ದೀಪಾ ಭಾಸ್ತಿ ಹೆಸರು ಬಿಡದೆ ಹೇಳಿದ್ದು ಅದಕ್ಕೇ. ಕನ್ನಡದ ಕಥಾ ಸಂಕಲನ ‘ಎದೆಯ ಹಣತೆ’ಗೆ ಬುಕರ್ ಬಂತು ಅಂತ ಹೇಳಿಬಿಡೋದೂ ಸುಲಭ. ಪ್ರಶಸ್ತಿ ಬಂದದ್ದು ಬೇರೆ ಬೇರೆ ಸಂಕಲನಗಳಿಂದ ಆರಿಸಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ.

ಇಷ್ಟು ಹೆಸರಾದವರ ವಿಷಯದಲ್ಲೇ ಹೀಗೆ. ನಮ್ಮ ಮಟ್ಟದ ಸಮಾರಂಭಗಳಲ್ಲಿ ತಪ್ಪು ಬೇರೆ ಥರ ಆಗುತ್ತೆ. ಇನಿಷಿಯಲ್ ಹಿಂದುಮುಂದಾಗುತ್ತೆ. ಪಿಎಚ್‌ಡಿ ಮಾಡ್ತಾ ಇರೋರಿಗೆ ‘ಡಾಕ್ಟರ್’ ಸೇರಿಸ್ತಾರೆ. ಸಹಾಯಕ ನಿರ್ದೇಶಕರನ್ನ ನಿರ್ದೇಶಕರು ಅಂತಾರೆ, ಪಕ್ಕದಲ್ಲೇ ಅವರ ಮೇಲಧಿಕಾರಿ ಕೂತಿರ್ತಾರೆ. ಹೋದ ವರ್ಷದ ಬಯೋಡೇಟಾ ನೋಡಿ ಹಳೇ ಹುದ್ದೆ ಓದ್ತಾರೆ. ಇದಕ್ಕೆ ಒಂದೇ ದಾರಿ. ಹಿಂದಿನ ದಿನ ಅತಿಥಿಗೆ ಫೋನ್ ಮಾಡಿ, ಬರೆದಿದ್ದನ್ನ ಪೂರ್ತಿ ಓದಿ ಹೇಳೋದು. ಎಪ್ಪತ್ತು ಪದ ತಾನೆ, ಒಂದು ನಿಮಿಷದ ಕೆಲಸ.

ಅದೇ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ. ‘ಸಾರ್, ನಾಳೆ ಮುಖ್ಯವಾಗಿ ಏನು ಮಾತಾಡಬೇಕು ಅಂತಿದ್ದೀರಿ?’ ಆಮೇಲೆ, ‘ನಮ್ಮೂರಿಗೂ ನಿಮಗೂ ಏನಾದರೂ ಸಂಬಂಧ ಇದೆಯಾ?’ ಎರಡನೇ ಪ್ರಶ್ನೆಗೆ ಬರೋ ಉತ್ತರ ಬಯೋಡೇಟಾದಲ್ಲಿ ಯಾವತ್ತೂ ಇರಲ್ಲ. ಮೊದಲ ಪೋಸ್ಟಿಂಗ್ ಪಿರಿಯಾಪಟ್ಟಣದಲ್ಲೇ ಆಗಿತ್ತು, ಚುಂಚನಕಟ್ಟೆ ಜಾತ್ರೆಗೆ ಚಿಕ್ಕವರಿದ್ದಾಗ ಅಪ್ಪನ ಜೊತೆ ಎತ್ತು ಹಿಡ್ಕೊಂಡು ಬರ್ತಿದ್ದೆ, ಇಂಥದ್ದು ಏನಾದರೂ ಸಿಗುತ್ತೆ. ಸಿಕ್ಕರೆ ಒಂದು ಪ್ರಶಸ್ತಿ ತೆಗೆದುಹಾಕಿ ಆ ಜಾಗಕ್ಕೆ ಇದನ್ನ ಹಾಕಿ.

ಹಾಗಂತ ಸಿಕ್ಕಿದ್ದೆಲ್ಲ ಹೇಳೋದಲ್ಲ. ಕಾಯಿಲೆ, ಮನೆಯ ಕಷ್ಟ, ತೀರಿಹೋದ ಮಕ್ಕಳ ವಿಷಯ ಇವನ್ನ ಅತಿಥಿ ಒಪ್ಪದೆ ಮೈಕಿನಲ್ಲಿ ಹೇಳಬಾರದು. ‘ನಮ್ಮ ಜನಾಂಗದ ಹೆಮ್ಮೆಯ ಪುತ್ರ’ ಅನ್ನೋ ಮಾತು ಆ ಸಮುದಾಯದ ಸಂಘದ ಕಾರ್ಯಕ್ರಮದಲ್ಲಿ ಸರಿ ಇರಬಹುದು. ಸರ್ಕಾರಿ ಶಾಲೆ ವಾರ್ಷಿಕೋತ್ಸವದಲ್ಲಿ ಹೇಳಿದರೆ ಅತಿಥಿಯೇ ತಲೆ ತಗ್ಗಿಸ್ತಾರೆ.

ಕಾಡಂಚಿನ ಸಭೆಯ ಲೆಕ್ಕ

ಪ್ರಶಸ್ತಿ ಬಂದ ಸಾಹಿತಿಗಳು ನಮ್ಮ ಕಡೆ ದಿನಾ ಬರಲ್ಲ. ದಿನಾ ಬರೋರು ಅಧಿಕಾರಿಗಳು, ಬ್ಯಾಂಕ್ ಮ್ಯಾನೇಜರ್‌ಗಳು, ಡಾಕ್ಟರ್‌ಗಳು, ನಿವೃತ್ತ ಮೇಷ್ಟ್ರುಗಳು. ಅವರಿಗೂ ಇದೇ ಲೆಕ್ಕ.

ಎಚ್.ಡಿ. ಕೋಟೆಯ ಅಂತರಸಂತೆ ಕಡೆ ಕಾಡಂಚಿನ ಒಂದು ಹಳ್ಳಿ ಅಂದುಕೊಳ್ಳಿ. ಹಾಲಿನ ಡೇರಿ ಮುಂದೆ ಶಾಮಿಯಾನ, ಸಂಜೆ ನಾಲ್ಕಕ್ಕೆ ಸಭೆ. ವಲಯ ಅರಣ್ಯಾಧಿಕಾರಿ ಮುಖ್ಯ ಅತಿಥಿ. ವಿಷಯ, ಆನೆ ಹಾವಳಿ ಮತ್ತು ಬೆಳೆ ಪರಿಹಾರ. ಸಭೆ ಶುರು ಆಗೋದೇ ನಾಲ್ಕೂ ಮುಕ್ಕಾಲಿಗೆ. ಐದೂವರೆ ಆದರೆ ತೋಟದ ಮನೆಯವರು ಏಳೋಕೆ ಶುರು ಮಾಡ್ತಾರೆ, ಕತ್ತಲಾದ ಮೇಲೆ ಆ ದಾರಿಯಲ್ಲಿ ಹೋಗೋ ಹಾಗಿಲ್ಲ. ಇರೋದು ಮುಕ್ಕಾಲು ಗಂಟೆ.

ಅಧಿಕಾರಿ ಕಚೇರಿಯಿಂದ ಬಂದ ಬಯೋಡೇಟಾದಲ್ಲಿ ಹೀಗಿದೆ ಅನ್ನೋಣ: ಹುಟ್ಟೂರು ಬೇರೆ ಜಿಲ್ಲೆ, ಅರಣ್ಯ ವಿಜ್ಞಾನದಲ್ಲಿ ಪದವಿ, ಚಿನ್ನದ ಪದಕ, ತರಬೇತಿ ಪಡೆದ ಊರು, ನಾಲ್ಕು ಕಡೆ ಸೇವೆ, ಅದರಲ್ಲಿ ಎರಡು ಕಡೆ ಆನೆ ಹಾವಳಿ ಇದ್ದ ವಲಯ, ಪರಿಸರ ದಿನದಲ್ಲಿ ಸಾವಿರಾರು ಗಿಡ ನೆಡಿಸಿದ್ದು, ಛಾಯಾಗ್ರಹಣದಲ್ಲಿ ಬಹುಮಾನ, ಚಾರಣ ಹವ್ಯಾಸ.

ಚಿನ್ನದ ಪದಕ ಮೊದಲು ಹೇಳೋಕೆ ಆಸೆ ಆಗುತ್ತೆ. ಆದರೆ ರಾಗಿ ಹೊಲ ಹಾಳಾದ ರೈತನಿಗೆ ಪದಕದಿಂದ ಏನೂ ಆಗಬೇಕಾಗಿಲ್ಲ. ಛಾಯಾಗ್ರಹಣದ ಬಹುಮಾನ ಹೇಳಿದರಂತೂ ‘ಆನೆ ಫೋಟೋ ತೆಗೀತಾರಂತೆ, ನಮ್ಮ ಹೊಲಕ್ಕೆ ಬಂದಾಗ ಎಲ್ಲಿದ್ದರು’ ಅಂತ ಹಿಂದಿನಿಂದ ಒಂದು ಕೂಗು ಬರೋದು ಗ್ಯಾರಂಟಿ. ಸಾಧನೆಯೇ ಅತಿಥಿಗೆ ತಿರುಗುಬಾಣ ಆಗೋದು ಹೀಗೆ. ಈ ಸಭೆಗೆ ಬೇಕಾದ್ದು ಒಂದೇ, ಆನೆ ಹಾವಳಿ ಇದ್ದ ಎರಡು ವಲಯದ ಅನುಭವ. ಜೊತೆಗೆ, ನಮ್ಮ ಅರ್ಜಿಗೂ ಇವರಿಗೂ ಏನು ಸಂಬಂಧ ಅನ್ನೋದು.

“ಎಲ್ಲರಿಗೂ ನಮಸ್ಕಾರ. ಆನೆಯಿಂದ ನಮಗಾಗಿರೋ ನಷ್ಟ ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಇವತ್ತು ಬಂದಿರೋರು ನಮ್ಮ ವಲಯದ ಅರಣ್ಯಾಧಿಕಾರಿಗಳು. ಇಲ್ಲಿಗೆ ಬರೋ ಮುಂಚೆ ಆನೆ ಹಾವಳಿ ಇರೋ ಎರಡು ವಲಯಗಳಲ್ಲಿ ಕೆಲಸ ಮಾಡಿದ್ದಾರೆ. ನಮ್ಮ ಬೆಳೆ ಪರಿಹಾರದ ಅರ್ಜಿ ಅವರ ಕಚೇರಿಯಿಂದಲೇ ಮುಂದಕ್ಕೆ ಹೋಗಬೇಕು. ಅರ್ಜಿ ಎಲ್ಲಿ ನಿಲ್ಲುತ್ತೆ, ಯಾವ ಕಾಗದ ಇಲ್ಲದಿದ್ದರೆ ವಾಪಸ್ ಬರುತ್ತೆ ಅಂತ ಅವರೇ ಹೇಳ್ತಾರೆ. ಮಾತಾದ ಮೇಲೆ ಹದಿನೈದು ನಿಮಿಷ ನಿಮ್ಮ ಪ್ರಶ್ನೆಗೆ ಇಟ್ಟಿದ್ದೀವಿ.”

ಕೊನೆಗೆ ಅವರ ಹೆಸರು. ಈ ಪರಿಚಯದಲ್ಲಿ ಹೊಗಳಿಕೆ ಒಂದು ಸಾಲೂ ಇಲ್ಲ, ಆದರೂ ಅಧಿಕಾರಿಗೆ ಗೌರವ ಕಮ್ಮಿ ಆಗಿಲ್ಲ. ಪರಿಹಾರ ಕೊಡಿಸಿಯೇ ಕೊಡಿಸ್ತಾರೆ ಅಂತ ಅವರ ಪರವಾಗಿ ಮಾತು ಕೊಟ್ಟೂ ಇಲ್ಲ. ಇದು ಮುಖ್ಯ. ಪರಿಚಯದ ಭರದಲ್ಲಿ ‘ಸಾಹೇಬರು ಇವತ್ತೇ ಎಲ್ಲ ಬಗೆಹರಿಸ್ತಾರೆ’ ಅಂದುಬಿಟ್ಟರೆ ಅವರು ಮೊದಲ ಐದು ನಿಮಿಷ ಅದನ್ನ ತಿದ್ದೋದರಲ್ಲೇ ಕಳೀತಾರೆ.

ವರ್ತಕರ ಸಂಘದ ರಾಜ್ಯೋತ್ಸವಕ್ಕೆ ಬ್ಯಾಂಕ್ ಮ್ಯಾನೇಜರ್‌ನ ಕರೆದಾಗ ಒಂದು ಪ್ರಶ್ನೆ ಏಳುತ್ತೆ. ಅವರು ಸಾಲದ ಬಗ್ಗೆ ಮಾತಾಡೋಕೆ ಬಂದಿದ್ದಾರಾ, ಕನ್ನಡದ ಬಗ್ಗೆ ಮಾತಾಡೋಕೆ ಬಂದಿದ್ದಾರಾ? ಅದು ಗೊತ್ತಾಗದೆ ಪರಿಚಯ ಬರೆಯೋಕಾಗಲ್ಲ. ಬಹಳ ಸಲ ಕರೆದವರಿಗೇ ಅದು ಗೊತ್ತಿರಲ್ಲ. ಹೊರ ರಾಜ್ಯದಿಂದ ಬಂದು ಕನ್ನಡ ಕಲಿತು ಕೌಂಟರಿನಲ್ಲಿ ಕನ್ನಡದಲ್ಲೇ ಮಾತಾಡೋ ಮ್ಯಾನೇಜರ್ ಆಗಿದ್ದರೆ ನವೆಂಬರ್ ಒಂದಕ್ಕೆ ಅದೊಂದೇ ಸಾಧನೆ ಸಾಕು.

ಜಯಂತಿ ಕಾರ್ಯಕ್ರಮಗಳಲ್ಲಿ ಇನ್ನೊಂದು ಥರ ಆಗುತ್ತೆ. ಆಗಸ್ಟ್ 20, ದೇವರಾಜ ಅರಸು ಜಯಂತಿ. ಕಲ್ಲಹಳ್ಳಿ ಅರಸು ಅವರ ಊರು, ಹುಣಸೂರಿನ ಜನಕ್ಕೆ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೂ ಪರಿಚಯಕ್ಕೆ ಎದ್ದವರು ಅರಸು ಕಥೆ ಶುರು ಮಾಡಿ, ಅತಿಥಿಯ ಹೆಸರು ಬರೋ ಹೊತ್ತಿಗೆ ನಾಲ್ಕು ನಿಮಿಷ ಕಳೆದಿರುತ್ತೆ. ಇಲ್ಲಿ ಬೇಕಾದ್ದು ಒಂದು ಕೊಂಡಿ. ಅತಿಥಿ ಭೂ ಸುಧಾರಣೆ ಬಗ್ಗೆ ಅಧ್ಯಯನ ಮಾಡಿದ ಪ್ರಾಧ್ಯಾಪಕರಾದರೆ ‘ಉಳುವವನಿಗೆ ಭೂಮಿ ಕೊಟ್ಟ ಕಾನೂನು ಹಳ್ಳಿಗಳಲ್ಲಿ ಹೇಗೆ ಜಾರಿಯಾಯ್ತು ಅಂತ ಓದಿದವರು’ ಅಂದರೆ ಆಯ್ತು. ಅರಸು ಬಗ್ಗೆ ಅವರೇ ಹೇಳ್ತಾರೆ, ಅದಕ್ಕೇ ಅಲ್ವಾ ಕರೆದಿರೋದು.

ಮೈಕ್ ಹಿಡಿದ ಮೇಲೆ

ಹೆಸರು ಕೊನೆಗೆ ಬರಲಿ. ಹಿಂದೆ ಫ್ಲೆಕ್ಸ್‌ನಲ್ಲಿ ಫೋಟೋ ಸಮೇತ ಹೆಸರು ಇದ್ದೇ ಇರುತ್ತೆ, ಗುಟ್ಟೇನಲ್ಲ. ಆದರೆ ಕೊನೆಯ ಪದ ಹೆಸರಾದರೆ ಚಪ್ಪಾಳೆ ಯಾವಾಗ ಅಂತ ಸಭೆಗೆ ಗೊತ್ತಾಗುತ್ತೆ, ಯಾವಾಗ ಏಳಬೇಕು ಅಂತ ಅತಿಥಿಗೂ ಗೊತ್ತಾಗುತ್ತೆ. ಹೆಸರು ಹೇಳಿ ಮತ್ತೆ ‘ಇವರ ಬಗ್ಗೆ ಇನ್ನೂ ಹೇಳಬೇಕೆಂದರೆ’ ಅಂತ ಮುಂದುವರಿಸಿದರೆ ಅರ್ಧ ಎದ್ದ ಅತಿಥಿ ಮತ್ತೆ ಕೂರಬೇಕಾಗುತ್ತೆ.

‘ಇವರಿಗೆ ಪರಿಚಯದ ಅಗತ್ಯವೇ ಇಲ್ಲ’, ‘ಇವರ ಸಾಧನೆ ಹೇಳುತ್ತಾ ಹೋದರೆ ಸಮಯ ಸಾಲದು’ ಇಂಥ ಸಾಲು ಹಾಳೆಯಲ್ಲಿದ್ದರೆ ಹೊಡೆದುಹಾಕಿ. ಅಗತ್ಯ ಇಲ್ಲದಿದ್ದರೆ ಹೇಳಬೇಡಿ, ಸಮಯ ಇಲ್ಲದಿದ್ದರೆ ಆ ಮಾತಿಗೂ ಸಮಯ ಇಲ್ಲ. ಶಾಸಕರೇ ಮುಖ್ಯ ಅತಿಥಿಯಾಗಿದ್ದು ಸಭೆಗೆಲ್ಲ ಅವರು ಗೊತ್ತಿದ್ದರೆ, ಅವತ್ತಿನ ಕಾರ್ಯಕ್ರಮಕ್ಕೆ ಸಂಬಂಧಪಟ್ಟ ಅವರ ಒಂದು ಕೆಲಸ ಹೇಳಿ, ಇಪ್ಪತ್ತು ಸೆಕೆಂಡಿಗೆ ಮುಗಿಸಿ.

ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಕೊಡ್ತಾ ಇರುವಾಗ ಪರಿಚಯ ಓದಬೇಡಿ. ಸಮಯ ಉಳಿಯುತ್ತೆ ಅಂತ ಕೆಲವರು ಎರಡನ್ನೂ ಒಟ್ಟಿಗೆ ಮಾಡ್ತಾರೆ. ಆಗ ಜನ ನೋಡೋದು ಪೇಟ ಸರಿ ಕೂತಿದೆಯಾ ಅಂತ, ಫೋಟೋ ತೆಗೆಯೋ ನಾವು ಅಡ್ಡ ನಿಂತಿರ್ತೀವಿ, ನಿಮ್ಮ ಮಾತು ಯಾರಿಗೂ ಕೇಳಲ್ಲ.

ವೇದಿಕೆ ಮೇಲೆ ಐದಾರು ಅತಿಥಿಗಳಿದ್ದರೆ ಒಂದು ನಿಮಿಷ ಮುಖ್ಯ ಅತಿಥಿಗೆ ಮಾತ್ರ. ಉಳಿದವರಿಗೆ ಹೆಸರು, ಹುದ್ದೆ, ಈ ಕಾರ್ಯಕ್ರಮಕ್ಕೆ ಅವರು ಮಾಡಿದ ಸಹಾಯ ಅಂತ ಒಂದೊಂದೇ ವಾಕ್ಯ.

ಇನ್ನು ನಮ್ಮ ಕಡೆ ಖಾಯಂ ಆಗಿ ಆಗೋ ಕೆಲಸ. ಕರೆದಿದ್ದ ಅತಿಥಿ ಕೊನೇ ಗಳಿಗೆಯಲ್ಲಿ ಬರಲ್ಲ, ಅವರ ಬದಲು ಇನ್ಯಾರೋ ಜೀಪಿನಿಂದ ಇಳೀತಾರೆ. ನಿಮ್ಮ ಕೈಯಲ್ಲಿರೋ ಹಾಳೆ ಕೆಲಸಕ್ಕೆ ಬರಲ್ಲ. ಗಾಬರಿಯಾಗಿ ಗೂಗಲ್ ಹುಡುಕಬೇಡಿ, ಅದೇ ಹೆಸರಿನ ಇನ್ನೊಬ್ಬರ ಸಾಧನೆ ಸಿಕ್ಕಿಬಿಡುತ್ತೆ. ಅವರು ಕಾಫಿ ಕುಡೀತಿರುವಾಗ ಪಕ್ಕದಲ್ಲಿ ಕೂತು ಕೇಳಿ: ಹೆಸರು ಹೇಗೆ ಹೇಳಬೇಕು, ಈಗಿನ ಹುದ್ದೆ ಏನು, ಈ ವಿಷಯದಲ್ಲಿ ನೀವು ಮಾಡಿರೋ ಒಂದು ಕೆಲಸ ಯಾವುದು. ಮೂರು ಉತ್ತರವನ್ನ ಅಂಗೈ ಅಗಲದ ಚೀಟಿಯಲ್ಲಿ ಬರೆದುಕೊಂಡರೆ ಮೂವತ್ತು ಸೆಕೆಂಡಿನ ಪರಿಚಯ ತಯಾರು. ಬರದೇ ಇದ್ದವರ ಬಯೋಡೇಟಾ ಇದ್ದ ಹಾಳೆಯನ್ನ ಆಗಲೇ ಮಡಿಚಿ ಜೇಬಿಗೆ ಹಾಕಿಕೊಳ್ಳಿ. ಮೈಕ್ ಮುಂದೆ ಹೋದಾಗ ಕಣ್ಣು ಅಭ್ಯಾಸಬಲದಿಂದ ಅದರ ಕಡೆಗೇ ಹೋಗುತ್ತೆ.